ಒದ್ದೆ ಕೂದಲು ಕಟ್ಟಿ ಮಲಗಬಾರದೇಕೆ?

ಪ್ರಶ್ನೆ: ರಾತ್ರಿ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲನ್ನೇ ಬಿಗಿಯಾಗಿ ಕಟ್ಟಿ ಮಲಗಿದರೆ ಕೂದಲು ತುಂಡಾಗುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಮಾಡಿಗೆ ಹೆಂಚು ಹೊದಿಸಿದಂತೆ, ಪ್ರತಿ ಕೂದಲಿನ ಮೈಮೇಲೂ ಒಂದರ ಮೇಲೊಂದು ತೆಳುವಾದ ಪದರಗಳಿರುತ್ತವೆ. ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು. ಚೆನ್ನಾಗಿ ನೆನೆದ ಕೂದಲು ತನ್ನ ತೂಕದ ಸುಮಾರು ಶೇ. 30ರಷ್ಟು ನೀರು ಹೀರಿ ಉಬ್ಬುತ್ತದೆ. ಆಗ ಹೊರಪದರಗಳ ಅಂಚು ಮೇಲೇಳುತ್ತದೆ. ಎಳೆಗಳನ್ನು ಹಿಡಿದಿಟ್ಟಿರುವ ಹೈಡ್ರೋಜನ್ ಬಂಧಗಳೂ ಸಡಿಲವಾಗುತ್ತವೆ. ಹೀಗಾಗಿ ಒದ್ದೆ ಕೂದಲು ಸುಲಭವಾಗಿ ಹಿಗ್ಗುತ್ತದೆ, ಅತಿಯಾಗಿ ಹಿಗ್ಗಿದರೆ ಮೊದಲಿನಂತಾಗದು.

ಬಿಗಿ ಗಂಟಿನೊಳಗೆ ಗಾಳಿಯಾಡದೆ ಕೂದಲು ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮಗ್ಗುಲು ಬದಲಿಸಿದಾಗಲೆಲ್ಲ ರಬ್ಬರ್ ಬ್ಯಾಂಡ್ ಇರುವ ಜಾಗದಲ್ಲೇ ಎಳೆತ ಬೀಳುತ್ತದೆ.

ಆದ್ದರಿಂದ ಕೂದಲು ಒಣಗಿದ ಮೇಲೆ ಸಡಿಲವಾಗಿ ಜಡೆ ಹೆಣೆದು, ತುದಿಗೆ ಮೆತ್ತನೆಯ ಬಟ್ಟೆಯ ಬ್ಯಾಂಡ್ ಹಾಕಿ. ಜಡೆಯಲ್ಲಿ ಕೂದಲು ಸಿಕ್ಕಾಗುವುದೂ ಕಡಿಮೆ. ಒರಟು ಹತ್ತಿಯ ದಿಂಬಿನ ಕವರಿಗಿಂತ ರೇಷ್ಮೆ ಅಥವಾ ಸ್ಯಾಟಿನ್ ಕವರಿನ ಮೇಲೆ ಕೂದಲು ಜಾರುವುದರಿಂದ ಉಜ್ಜಾಟ ತಗ್ಗುತ್ತದೆ.

ದಿಂಬಿನ ಮೇಲೆ ಸಿಕ್ಕ ಕೂದಲನ್ನು ನೋಡಿ. ಒಂದು ತುದಿಯಲ್ಲಿ ಪುಟ್ಟ ಬಿಳಿ ಗಡ್ಡೆ ಇದ್ದರೆ ಅದು ಬುಡದಿಂದ ಉದುರಿದ್ದು. ಗಡ್ಡೆಯಿಲ್ಲದ ಗಿಡ್ಡ ಚೂರಾದರೆ ನಡುವೆ ತುಂಡಾದದ್ದು. ಈ ಅಭ್ಯಾಸಗಳು ತಡೆಯುವುದು ಮುಖ್ಯವಾಗಿ ಎರಡನೆಯದನ್ನು.