ಕರಿ ಕೋಟು ಕಳಚುವ ಮುನ್ನ ಒಂದು ಇಮೇಲ್

‘ನಿಮ್ಮ ಕಂಪನಿಯ ಕೇಸುಗಳನ್ನು ನಾನೇ ಕೋರ್ಟಿನಲ್ಲಿ ನಡೆಸಬಲ್ಲೆ, ಹೊರಗಿನ ವಕೀಲರ ಫೀಸು ಉಳಿಯುತ್ತದೆ.’ ಕಂಪನಿಯೊಂದರ ಕಾನೂನು ವಿಭಾಗಕ್ಕೆ ಅರ್ಜಿ ಹಾಕುವ ವಕೀಲರು ಸಿ.ವಿ. ಜೊತೆಗಿನ ಇಮೇಲ್‌ನಲ್ಲಿ ಹೀಗೆ ಬರೆದರೆ, ಓದುವ ಕಾನೂನು ಮುಖ್ಯಸ್ಥರು ಎರಡನೇ ಪ್ಯಾರಾಕ್ಕೆ ಹೋಗುವುದು ಅನುಮಾನ.

ಕಾರಣ ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ. ವಕೀಲಿಕೆ ಮಾಡುತ್ತಿರುವವರೆಗೂ ಯಾವ ಕಂಪನಿಯಲ್ಲೂ ಪೂರ್ಣಾವಧಿ ಸಂಬಳದ ನೌಕರಿ ಹಿಡಿಯುವಂತಿಲ್ಲ. ಹಿಡಿದರೆ, ಹೆಸರು ನೋಂದಾಯಿಸಿರುವ ರಾಜ್ಯ ಪರಿಷತ್ತಿಗೆ ತಿಳಿಸಿ ವಕೀಲಿಕೆ ನಿಲ್ಲಿಸಬೇಕು. ವಕೀಲರ ಮಾತಿನಲ್ಲಿ ಹೇಳುವುದಾದರೆ, ಸನ್ನದನ್ನು ಅಮಾನತಿನಲ್ಲಿ ಇಡಬೇಕು. ನೌಕರಿ ಸೇರಿದ ಮೇಲೆ ಮಾಲೀಕನ ಪರವಾಗಿ ವಕಾಲತ್ತು ಹಾಕುವ ಹಾಗಿಲ್ಲ. ಈ ಬದಲಾವಣೆಯ ಪರಿಣಾಮ ಇನ್ನೂ ದೂರ ಹೋಗುತ್ತದೆ. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕೊಡುವ ರಕ್ಷಣೆ ಕಂಪನಿಯ ಸಂಬಳದ ಕಾನೂನು ಸಲಹೆಗಾರರಿಗೆ ಸಿಗದು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ.

ಹಾಗಾದರೆ ಕೋರ್ಟಿನ ಅನುಭವಕ್ಕೆ ಕಂಪನಿಯಲ್ಲಿ ಬೆಲೆಯೇ ಇಲ್ಲವೇ? ಇದೆ. ಆದರೆ ಅದನ್ನು ಹೇಳುವ ರೀತಿ ಬೇರೆ. ಎಷ್ಟು ಕೇಸು ಗೆದ್ದರು ಎಂಬುದಕ್ಕಿಂತ, ಕೇಸುಗಳು ಯಾಕೆ ಹುಟ್ಟಿದವು ಎಂಬುದು ಕಂಪನಿಗೆ ಬೇಕು.

ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಏಳು ವರ್ಷ ವಾಣಿಜ್ಯ ದಾವೆ ನಡೆಸಿದ ವಕೀಲೆಯೊಬ್ಬರನ್ನು ಊಹಿಸಿಕೊಳ್ಳಿ. ಅವರು ಅರ್ಜಿ ಹಾಕಿರುವುದು ಸರಬರಾಜುದಾರರ ಜೊತೆ ನೂರಾರು ಒಪ್ಪಂದ ಮಾಡಿಕೊಳ್ಳುವ ಕಂಪನಿಗೆ. ಅವರ ಮೊದಲ ಕರಡು ‘ಸಿವಿಲ್, ಕ್ರಿಮಿನಲ್, ಆರ್ಬಿಟ್ರೇಷನ್ ಎಲ್ಲದರಲ್ಲೂ ಪರಿಣತಿ’ ಎಂದು ಶುರುವಾಗುತ್ತದೆ. ಎಲ್ಲ ವಕೀಲರ ಬೋರ್ಡಿನ ಮೇಲೂ ಇರುವ ಸಾಲು ಅದು. ತಿದ್ದಿದ ಮೇಲೆ ಹೀಗಾಯಿತು:

‘ನಾನು ನಡೆಸಿದ ಹಲವು ಆರ್ಬಿಟ್ರೇಷನ್ ವಿವಾದಗಳಲ್ಲಿ, ಕಂಪನಿಯ ಎಂ.ಡಿ.ಯೇ ಏಕೈಕ ಆರ್ಬಿಟ್ರೇಟರನ್ನು ನೇಮಿಸಬೇಕೆಂಬ ಹಳೆಯ ಷರತ್ತಿನಿಂದಲೇ ತೊಡಕು ಶುರುವಾಯಿತು. ನಿಮ್ಮ ಪ್ರಕಟಣೆಯಲ್ಲಿ ಸರಬರಾಜು ಒಪ್ಪಂದಗಳ ಪರಿಶೀಲನೆ ಮೊದಲ ಹೊಣೆ ಎಂದಿದೆ. ಇಂಥ ಷರತ್ತುಗಳನ್ನು ಸಹಿಗೆ ಮುನ್ನವೇ ತಿದ್ದುವ ಕೆಲಸವನ್ನು ಕಕ್ಷಿದಾರರಿಗಾಗಿ ಎರಡು ವರ್ಷದಿಂದ ಮಾಡುತ್ತಿದ್ದೇನೆ.’

ಈ ಸಾಲುಗಳ ತೂಕ ಆ ಕ್ಷೇತ್ರದವರಿಗೆ ತಕ್ಷಣ ತಿಳಿಯುತ್ತದೆ. ವಿವಾದದ ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ಏಕೈಕ ಆರ್ಬಿಟ್ರೇಟರನ್ನು, ಅಂದರೆ ಕೋರ್ಟಿನ ಹೊರಗೆ ತೀರ್ಪು ಕೊಡುವ ಮಧ್ಯಸ್ಥರನ್ನು, ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿತು. ಹಳೆಯ ನಮೂನೆಯನ್ನೇ ನಕಲು ಮಾಡುತ್ತ ಬಂದ ಒಪ್ಪಂದದಲ್ಲಿ ವಿವಾದ ಎದ್ದರೆ, ನೇಮಕಕ್ಕೇ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಹಳೆಯ ಷರತ್ತಿನಂತೆಯೇ ನೇಮಿಸಿಕೊಂಡು ಮುಂದುವರಿದರೆ ಬಂದ ತೀರ್ಪನ್ನೇ ಎದುರಾಳಿ ಪ್ರಶ್ನಿಸುತ್ತಾನೆ. ಅಸಲು ಜಗಳ ಶುರುವಾಗುವ ಮುನ್ನವೇ ತಿಂಗಳುಗಳು ಕಳೆದಿರುತ್ತವೆ. ಅರ್ಜಿದಾರರು ಪ್ರಕರಣದ ಹೆಸರನ್ನು ಇಮೇಲ್‌ನಲ್ಲಿ ಬರೆಯಲಿಲ್ಲ ಎಂಬುದನ್ನೂ ಗಮನಿಸಬೇಕು. ಓದುವವರಿಗೆ ಅದು ಗೊತ್ತು, ಗೊತ್ತಿಲ್ಲದ ಎಚ್.ಆರ್. ಸಿಬ್ಬಂದಿಗೂ ‘ಸಹಿಗೆ ಮುನ್ನವೇ ತಿದ್ದುವ ಕೆಲಸ’ ಅರ್ಥವಾಗುತ್ತದೆ.

ಕಕ್ಷಿದಾರರ ಹೆಸರನ್ನೂ ಅವರು ಬರೆದಿಲ್ಲ. ಕೋರ್ಟಿನಲ್ಲಿ ನಡೆದದ್ದು ಬಹಿರಂಗ ದಾಖಲೆಯೇ ಇರಬಹುದು, ಆದರೆ ಕೊಟ್ಟ ಸಲಹೆ, ತಿದ್ದಿದ ಕರಡು, ರಾಜಿಯ ಮೊತ್ತ ಇವೆಲ್ಲ ಕಕ್ಷಿದಾರರ ಗುಟ್ಟು. ದೊಡ್ಡ ಹೆಸರುಗಳನ್ನು ಉದುರಿಸಿ ಮೆಚ್ಚಿಸಲು ಹೊರಟ ಅರ್ಜಿ ಉಲ್ಟಾ ಹೊಡೆಯುತ್ತದೆ. ಹಳೆಯವರ ಗುಟ್ಟು ಇಲ್ಲಿ ಹೇಳಿದವರು ನಾಳೆ ನಮ್ಮದನ್ನು ಎಲ್ಲಿ ಹೇಳುತ್ತಾರೋ ಎಂದು ಕಾನೂನು ಮುಖ್ಯಸ್ಥರಿಗೆ ಅನ್ನಿಸದೆ ಇರದು. ‘ಒಂದು ಔಷಧ ತಯಾರಿಕಾ ಕಂಪನಿಯ ಪರವಾಗಿ’ ಎಂದರೆ ಸಾಕು.

‘ಯಾಕೆ ಪ್ರಾಕ್ಟೀಸ್ ಬಿಡುತ್ತಿದ್ದೀರಿ?’ ಎಂಬುದಕ್ಕೆ ಒಂದು ವಾಕ್ಯ ಮೀಸಲಿಟ್ಟರೆ ಒಳ್ಳೆಯದು. ಮುಂದೂಡಿಕೆಗಳಿಂದ ಬೇಸತ್ತೆ, ಸೀನಿಯರ್ ಸರಿಯಾಗಿ ದುಡ್ಡು ಕೊಡಲಿಲ್ಲ ಎಂಬ ಗೋಳು, ಎಷ್ಟೇ ನಿಜವಾದರೂ, ಅಲ್ಲಿ ಬೇಡ.

ಹೆಚ್ಚಿನವರು ಮರೆಯುವುದು ಕೊನೆಯ ಪ್ಯಾರಾವನ್ನು: ಯಾವಾಗ ಸೇರಬಹುದು? ನೌಕರರಿಗೆ ನೋಟಿಸ್ ಅವಧಿ ಇರುತ್ತದೆ, ಸ್ವಂತ ಪ್ರಾಕ್ಟೀಸ್ ಇರುವ ವಕೀಲರಿಗೆ ಫೈಲುಗಳಿರುತ್ತವೆ. ವಹಿಸಿಕೊಂಡ ಕೇಸನ್ನು ಸಾಕಷ್ಟು ಕಾರಣವಿಲ್ಲದೆ, ಕಕ್ಷಿದಾರರಿಗೆ ಸಮಂಜಸವಾದ ಕಾಲಾವಕಾಶ ಕೊಡದೆ ಬಿಡುವಂತಿಲ್ಲ. ಕೆಲಸ ಮಾಡದ ಭಾಗದ ಫೀಸನ್ನು ಹಿಂದಿರುಗಿಸಬೇಕು. ಬೇರೆ ವಕೀಲರು ವಕಾಲತ್ತು ಹಾಕಬೇಕಾದರೆ ಹಳಬರ ನಿರಾಕ್ಷೇಪಣೆ ಬೇಕು. ಆದ್ದರಿಂದ ‘ತಕ್ಷಣ ಸೇರಬಲ್ಲೆ’ ಎಂಬ ಮಾತು ಉತ್ಸಾಹದಂತೆ ಕಂಡರೂ, ಆ ಫೈಲುಗಳ ಗತಿಯೇನು ಎಂಬ ಪ್ರಶ್ನೆ ಎಬ್ಬಿಸುತ್ತದೆ. ನಮ್ಮ ವಕೀಲೆ ಬರೆದದ್ದು ಇಷ್ಟು: ‘ಬಾಕಿ ಇರುವ ಕೇಸುಗಳನ್ನು ಕಕ್ಷಿದಾರರ ಒಪ್ಪಿಗೆಯೊಂದಿಗೆ ಹಸ್ತಾಂತರಿಸಲು ಆರು ವಾರ ಬೇಕು. ಸೇರುವ ದಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದು ಅಮಾನತಿನಲ್ಲಿ ಇಡುತ್ತೇನೆ.’ ಇದರ ಕೆಳಗೆ ಫೋನ್ ನಂಬರು, ಜೊತೆಗೆ ಎರಡು ಪುಟದ ಸಿ.ವಿ. ತಾವು ಕರಡು ಮಾಡಿದ ಒಪ್ಪಂದವನ್ನು ಮಾದರಿಗೆಂದು ಅವರು ಲಗತ್ತಿಸಲಿಲ್ಲ; ಅದೂ ಕಕ್ಷಿದಾರರದ್ದೇ.