‘ನಾನು ಹೋದ ಮೇಲೆ’ ಅಂದರೆ ಹಿಬಾ ಆಗದು

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಕುಟುಂಬ ಸೇರಿದಾಗ ತಂದೆ, “ನಾನು ಹೋದ ಮೇಲೆ ಮನೆ ದೊಡ್ಡವನಿಗೆ, ತೋಟ ಚಿಕ್ಕವನಿಗೆ, ಜಗಳ ಬೇಡ” ಅಂದುಬಿಡುವುದುಂಟು. ಶರೀಅತ್ತಿನಲ್ಲಿ ಇದು ಹಿಬಾ ಅಲ್ಲ, ವಸಿಯ್ಯತ್. ವಾರಸುದಾರನಿಗೆ ಮಾಡಿದ ವಸಿಯ್ಯತ್, ತಂದೆಯ ಮರಣದ ನಂತರ ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ನಡೆಯುತ್ತದೆ. ಹೆಣ್ಮಕ್ಕಳು ಒಪ್ಪದಿದ್ದರೆ? ಸಾಲ ತೀರಿಸಿ 48 ಗುಂಟೆ ಉಳಿದು, ಪತ್ನಿ, ಇಬ್ಬರು ಗಂಡು, ಇಬ್ಬರು ಹೆಣ್ಮಕ್ಕಳು ಮಾತ್ರ ವಾರಸುದಾರರಾದರೆ ಪತ್ನಿಗೆ 6, ಗಂಡಿಗೆ ತಲಾ 14, ಹೆಣ್ಣಿಗೆ ತಲಾ 7 ಗುಂಟೆ.

ಹಿಬಾಕ್ಕೆ ಬದುಕಿರುವಾಗಲೇ “ಕೊಟ್ಟೆ” ಅನ್ನಬೇಕು, ಮಕ್ಕಳು ಸ್ವೀಕರಿಸಬೇಕು, ಸ್ವಾಧೀನ ಬಿಟ್ಟುಕೊಡಬೇಕು. ಒಬ್ಬ ಮಗನಿಗೆ ಮಾತ್ರ ಕೊಟ್ಟ ಬಶೀರರು ಸಾಕ್ಷಿ ಕೇಳಿದಾಗ ಪ್ರವಾದಿಯವರು (ಸ), ಎಲ್ಲ ಮಕ್ಕಳಿಗೂ ಹೀಗೇ ಕೊಟ್ಟಿರಾ ಎಂದು ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿ ನಿಲ್ಲಲಿಲ್ಲ.