ನಿಮಗಿದು ಗೊತ್ತೆ? ಪೀನಟ್ ಬಟರ್ ಸವರುವಾಗ ಕ್ಯಾಲರಿ ಏರುವ ಬಗೆ

ಎರಡು ಸ್ಲೈಸ್ ಬ್ರೆಡ್‌ನಲ್ಲಿ ಸುಮಾರು 150 ಕ್ಯಾಲರಿ ಇರುತ್ತದೆ. ಪೀನಟ್ ಬಟರನ್ನು ಅಳತೆಯ ಟೇಬಲ್ ಸ್ಪೂನಿಗೆ ತುಂಬಿ, ಮೇಲ್ಭಾಗವನ್ನು ಚಾಕುವಿನಿಂದ ಸಮ ಮಾಡಿದರೆ 16 ಗ್ರಾಂ ಬರುತ್ತದೆ, ಅಂದರೆ ಸುಮಾರು 95 ಕ್ಯಾಲರಿ. ಇಂಥ ಎರಡು ಚಮಚ ಸವರಿದ ಸ್ಯಾಂಡ್‌ವಿಚ್‌ನಲ್ಲಿ 340 ಕ್ಯಾಲರಿ.

ಆದರೆ ಇದು ಅಂಟಿನ ಪದಾರ್ಥ. ಚಮಚದ ಮೇಲೆ ಗುಡ್ಡೆಯಾಗಿ ನಿಲ್ಲುತ್ತದೆ, ತಳಕ್ಕೂ ಮೆತ್ತಿಕೊಳ್ಳುತ್ತದೆ. ಹಾಗೆಯೇ ಎರಡು ಸಲ ಬಗೆದು ದಪ್ಪಗೆ ಬಳಿದರೆ 55 ಗ್ರಾಂ ಆಗುವುದು ಸುಲಭ. ಅರ್ಧದಷ್ಟು ಕೊಬ್ಬೇ ಇರುವುದರಿಂದ ಅದೇ ಸ್ಯಾಂಡ್‌ವಿಚ್ ಆಗ 475 ಕ್ಯಾಲರಿ ಮುಟ್ಟುತ್ತದೆ. ಕಣ್ಣಿಗೆ ಮಾತ್ರ ವ್ಯತ್ಯಾಸ ಅಷ್ಟಾಗಿ ಕಾಣದು.

ಡಬ್ಬಿಯನ್ನೇ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬೇಕಾದಷ್ಟು ತೆಗೆಯಿರಿ. ಮೈನಸ್ ಗುರುತಿನೊಂದಿಗೆ ಕಾಣುವ ಅಂಕಿಯೇ ನೀವು ತೆಗೆದ ತೂಕ. ಚಮಚ ನೆಕ್ಕಿದ್ದೂ ಅದರಲ್ಲೇ ಸೇರಿರುತ್ತದೆ.